ಹಾಸಿಗೆ ಹನ್ನೊಂದರ ಕೇಸು

ನಾನು ಡಾಕ್ಟರ್ ಆಗುವುದು ಆಗದ ಮಾತು ಎಂದವರನ್ನು ಎಣಿಸುತ್ತ ಕೂತರೆ ಔರಾದ ತಾಲೂಕಿನ ನಮ್ಮೂರಿನ ಅರ್ಧ ಓಣಿ ಬರುತ್ತದೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ಹತ್ತನೆಯ ಇಯತ್ತೆ ದಾಟಿದ್ದನ್ನೇ ಅವರು ಕಂಡಿರಲಿಲ್ಲ. ಕಾಣದ್ದನ್ನು ಆಗದು ಎಂದರು, ಅಷ್ಟೆ. ಸಿಟ್ಟಿರುವುದು ಒಬ್ಬರ ಮೇಲೆ ಮಾತ್ರ. ಬೀದರಿನ ಆಸ್ಪತ್ರೆಯಲ್ಲಿ ನಾನು ಇಂಟರ್ನ್ ಆಗಿದ್ದಾಗ ನಮ್ಮ ಮೆಡಿಸಿನ್ ಯೂನಿಟ್ಟಿಗೆ ಮುಖ್ಯಸ್ಥರಾಗಿದ್ದ ಡಾಕ್ಟರು. ನಾವೆಲ್ಲ ಅವರನ್ನು ದೊಡ್ಡ ಸರ್ ಎನ್ನುತ್ತಿದ್ದೆವು. ಎಂಬಿಬಿಎಸ್‌ನ ಎಲ್ಲ ಪರೀಕ್ಷೆ ಪಾಸಾಗಿ, ಕೊರಳಿಗೆ ಸ್ಟೆತಸ್ಕೋಪು ಹಾಕಿಕೊಂಡು, ಇನ್ನೇನು ಒಂದು ವರ್ಷದ ಇಂಟರ್ನ್‌ಷಿಪ್ ಮುಗಿಯಬೇಕು ಎನ್ನುವಾಗ ಅವರು ಹದಿನಾಲ್ಕು ಮಂದಿಯ ಎದುರು ಅಂದರು: "ಇದು ನಿಮ್ಮ ಕೈಲಿ ಆಗೋ ಕೆಲಸ ಅಲ್ಲ ಬಿಡಮ್ಮ."

ಅವರು ಹೇಳಿದ್ದು ಚಿಕಿತ್ಸೆಯ ಬಗ್ಗೆ ಅಲ್ಲ. ರಕ್ತ ತೆಗೆಯುವುದು, ಸಲಾಯಿನ್ ಹಚ್ಚುವುದು, ಹೊಟ್ಟೆಯ ನೀರು ತೆಗೆಯುವುದು ಇವೆಲ್ಲದರಲ್ಲಿ ನನ್ನ ಕೈ ಯೂನಿಟ್ಟಿನಲ್ಲೇ ಚಲೋ ಇತ್ತು. ನರ ಸಿಗದ ಮುದುಕರಿಗೆ ಸಿಸ್ಟರ್‌ಗಳು ನನ್ನನ್ನೇ ಕರೆಯುತ್ತಿದ್ದರು. ನನಗೆ ಬಾರದೆ ಇದ್ದದ್ದು ಹೇಳುವುದು. ರೌಂಡ್ಸಿನಲ್ಲಿ ರೋಗಿಯ ಹಾಸಿಗೆಯ ಪಕ್ಕ ನಿಂತು ಆತನ ಕೇಸನ್ನು ಸರಿಯಾದ ಕ್ರಮದಲ್ಲಿ ಮುಂದಿಡುವುದು.

ಹೊರಗಿನವರಿಗೆ ಇದು ಸಣ್ಣ ಮಾತು ಅನಿಸೀತು. ಸಣ್ಣದಲ್ಲ. ಮೊದಲು ರೋಗಿ ಯಾರು: ವಯಸ್ಸು, ಊರು, ಉದ್ಯೋಗ. ಆಮೇಲೆ ಮುಖ್ಯ ತೊಂದರೆ, ಅದೂ ರೋಗಿಯ ಬಾಯಿಂದ ಬಂದ ಮಾತಿನಲ್ಲೇ, ಎಷ್ಟು ದಿನದಿಂದ ಎಂಬ ಲೆಕ್ಕದ ಜೊತೆ, ಮೊದಲು ಶುರುವಾದದ್ದು ಮೊದಲು. ಆಮೇಲೆ ಒಂದೊಂದು ತೊಂದರೆಯನ್ನೂ ಬಿಚ್ಚಬೇಕು: ಹೇಗೆ ಶುರುವಾಯಿತು, ಹೇಗೆ ಏರಿತು, ಯಾವುದರಿಂದ ಹೆಚ್ಚು, ಯಾವುದರಿಂದ ಕಡಿಮೆ. ಏನಿದೆ ಎನ್ನುವಷ್ಟೇ ಏನಿಲ್ಲ ಎಂಬುದನ್ನೂ ಹೇಳಬೇಕು. ಹಿಂದಿನ ರೋಗ, ಮನೆಯವರ ರೋಗ, ಚಟ, ಕೆಲಸ. ಇಷ್ಟಾದ ಮೇಲಷ್ಟೇ ರೋಗಿಯ ಮೈ ಮುಟ್ಟಿ ಕಂಡದ್ದು. ಆಮೇಲೆ ಎರಡು ಸಾಲಿನ ಸಾರಾಂಶ. ಅದಾದ ಮೇಲೆ, ಇದು ಇಂಥ ರೋಗ ಇರಬಹುದು ಎಂಬ ಮಾತು. ಅದರ ಬೆನ್ನಿಗೆ, ಇದಲ್ಲದಿದ್ದರೆ ಮತ್ತೇನಿರಬಹುದು, ಒಂದೊಂದಕ್ಕೂ ಪರವೇನು, ವಿರುದ್ಧವೇನು. ಕಡೆಗೆ ಯಾವ ಪರೀಕ್ಷೆ, ಯಾವ ಚಿಕಿತ್ಸೆ. ಒಂದು ಮೆಟ್ಟಿಲು ಹಾರಿದರೂ ದೊಡ್ಡ ಸರ್ ಅಲ್ಲೇ ಕೈ ಎತ್ತಿ ನಿಲ್ಲಿಸುತ್ತಿದ್ದರು.

ನಾನು ಹಾರುತ್ತಿದ್ದೆ. ನಮ್ಮ ಮನೆಗಳಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ. ಯಾರಿಗಾದರೂ ಏನಾದರೂ ಆದರೆ ಮೊದಲು ಕೊನೆಯದನ್ನೇ ಹೇಳುತ್ತೇವೆ: ಹೋದ, ಬಿದ್ದ, ಉಳಿಯೋದಿಲ್ಲ. ಹೇಗಾಯಿತು ಎಂಬುದು ಆಮೇಲೆ, ಅಳು ನಿಂತ ಮೇಲೆ. ಫೈನಲ್ ಪರೀಕ್ಷೆಯಲ್ಲಿ ಪುಣ್ಯಕ್ಕೆ ನಾನು ಬಾಯಿಪಾಠ ಮಾಡಿಕೊಂಡಿದ್ದ ಹೃದಯದ ಕವಾಟದ ಕೇಸೇ ಬಂದು ದಾಟಿಕೊಂಡೆ. ವಾರ್ಡಿನಲ್ಲಿ ಬಾಯಿಪಾಠ ನಡೆಯುವುದಿಲ್ಲ. ಮೊದಲ ವಾರ ನಾನು "ಸರ್, ಇವರು ಟಿಬಿ ಪೇಷಂಟ್" ಎಂದು ಶುರು ಮಾಡಿದೆ. ಅವರು ಕನ್ನಡಕ ತೆಗೆದು ಒರೆಸುತ್ತ, ತೀರ್ಪು ಮೊದಲು ಓದಿ ಸಾಕ್ಷಿಗಳನ್ನ ಆಮೇಲೆ ಕರೀತೀರೇನಮ್ಮ ಅಂದರು. ಎಲ್ಲರೂ ನಕ್ಕರು. ಎರಡನೆಯ ಸಲ ಇತಿಹಾಸ ಹೇಳುವ ನಡುವೆ ರಕ್ತದೊತ್ತಡ ಹೇಳಿಬಿಟ್ಟೆ. ಮೂರನೆಯ ಸಲ ಏನು ಮಾಡಿದೆನೋ ನೆನಪಿಲ್ಲ, ಅವರು ಅರ್ಧಕ್ಕೇ ಮುಂದಿನ ಹಾಸಿಗೆಗೆ ಹೋದದ್ದು ಮಾತ್ರ ನೆನಪಿದೆ.

ಮೆಡಿಸಿನ್ ವಿಭಾಗದಲ್ಲಿ ಎರಡು ತಿಂಗಳ ಪೋಸ್ಟಿಂಗು. ಕೊನೆಗೆ ಯೂನಿಟ್ ಮುಖ್ಯಸ್ಥರು ನಮ್ಮ ಲಾಗ್‌ಬುಕ್ಕಿಗೆ ಸಹಿ ಹಾಕಬೇಕು. ಹಾಕದಿದ್ದರೆ ಆ ಎರಡು ತಿಂಗಳು ಮತ್ತೆ ಮೊದಲಿಂದ. ನನ್ನ ಪಾಲಿಗೆ ಅದೇ ಕೊನೆಯ ಪೋಸ್ಟಿಂಗಾಗಿತ್ತು. ಔರಾದ ತಾಲೂಕಿನ ಒಂದು ಆರೋಗ್ಯ ಕೇಂದ್ರದಲ್ಲಿ ಗುತ್ತಿಗೆ ಡಾಕ್ಟರ್ ಜಾಗ ಖಾಲಿ ಇತ್ತು. ಇಂಟರ್ನ್‌ಷಿಪ್ ಮುಗಿದ ಸರ್ಟಿಫಿಕೇಟ್ ತಿಂಗಳ ಕೊನೆಯೊಳಗೆ ತಂದರೆ ನಿನಗೇ, ಇಲ್ಲದಿದ್ದರೆ ಮುಂದಿನವರಿಗೆ ಎಂದು ಆಫೀಸಿನವರು ಹೇಳಿದ್ದರು. ಎರಡು ತಿಂಗಳು ಮುಂದೆ ಹೋಯಿತೆಂದರೆ ಆ ಜಾಗ ಹೋಯಿತು. ಈ ಮಾತು ದೊಡ್ಡ ಸರ್‌ಗೆ ಹೇಳುವ ಹಾಗಿರಲಿಲ್ಲ. ಹೇಳಿದ್ದರೆ, ಅದಕ್ಕೂ ಕೇಸಿಗೂ ಏನು ಸಂಬಂಧ ಎನ್ನುತ್ತಿದ್ದರು. ಅವರ ಶರತ್ತು ಒಂದೇ: ತಪ್ಪಿಲ್ಲದ ಒಂದು ಕೇಸ್ ಪ್ರೆಸೆಂಟ್ ಮಾಡಬೇಕು, ಸಹಿ ತಗೊಂಡು ಹೋಗಬೇಕು.

ಆಗ ನಮ್ಮ ಕಡೆ ಮಳೆ ಕೈಕೊಟ್ಟು ಮೂರನೆಯ ವರ್ಷ. ಆಸ್ಪತ್ರೆಯ ನಲ್ಲಿಗಳಲ್ಲಿ ಬೆಳಿಗ್ಗೆ ಒಂದು ತಾಸು ನೀರು. ರೋಗಿಗಳ ಕಡೆಯವರು ಪ್ಲಾಸ್ಟಿಕ್ ಕ್ಯಾನು ಹಿಡಿದು ಅಂಗಳದ ಟ್ಯಾಂಕರಿಗೆ ಸಾಲು ನಿಲ್ಲುತ್ತಿದ್ದರು. ವಾರ್ಡಿನಲ್ಲಿ ಯಾವ ರೋಗಿಯ ಪಕ್ಕವೂ ವಯಸ್ಸಿಗೆ ಬಂದ ಗಂಡಸರು ಕಾಣುತ್ತಿರಲಿಲ್ಲ. ಹೈದರಾಬಾದು, ಪುಣೆ, ಮುಂಬೈ ಎಂದು ಎಲ್ಲರೂ ದುಡಿಯಲು ಹೋಗಿದ್ದರು. ನನ್ನ ಅಪ್ಪನೂ ಹೈದರಾಬಾದಿನಲ್ಲಿದ್ದ.

ಪೋಸ್ಟಿಂಗಿನ ಕೊನೆಯ ವಾರದ ಮಂಗಳವಾರ ಹಾಸಿಗೆ ಹನ್ನೊಂದಕ್ಕೆ ಒಬ್ಬ ಮನುಷ್ಯ ಬಂದ. ಭಾಲ್ಕಿ ತಾಲೂಕು, ಭಾತಂಬ್ರಾ ಹತ್ತಿರದ ಹಳ್ಳಿ. ವಯಸ್ಸು ಮೂವತ್ತೆಂಟು ಎಂದ, ನೋಡಿದರೆ ಐವತ್ತೈದು. ಕೆಮ್ಮು, ದಮ್ಮು, ಅಂಗಿಯೊಳಗೆ ಎದೆಯ ಎಲುಬು ಎಣಿಸುವ ಹಾಗಿದ್ದವು. ಹೆಂಡತಿ ಒಂದು ಕ್ಯಾರಿಬ್ಯಾಗಿನ ತುಂಬ ಹಳೆಯ ಚೀಟಿ ತಂದಿದ್ದಳು. ಎರಡು ಕಡೆ ಎರಡು ಸಲ ಟಿಬಿ ಔಷಧ ಪೂರ್ತಿ ತಗೊಂಡಿದ್ದ. ಎರಡು ಸಲವೂ ಕಫದಲ್ಲಿ ಕ್ಷಯದ ಕ್ರಿಮಿ ಸಿಕ್ಕಿರಲಿಲ್ಲ, ಎಕ್ಸ್‌ರೇ ನೋಡಿ ಕೊಟ್ಟಿದ್ದರು. ನಮ್ಮ ಮೇಲಿನ ಪಿಜಿ ಡಾಕ್ಟರು ಚೀಟಿಗಳನ್ನು ತಿರುವಿ, ಟಿಬಿ ತಿರುಗಿ ಬಂದದ, ಬರಕೋ, ನಾಳಿ ಇದನ್ನೇ ಪ್ರೆಸೆಂಟ್ ಮಾಡು, ಸುಲಭದ ಕೇಸು ಅಂದರು. ನನ್ನ ಮೇಲೆ ಕನಿಕರಪಟ್ಟೇ ಅಂದದ್ದು.

ಬುಧವಾರ ನಾನು ಒಂದೂ ಮೆಟ್ಟಿಲು ಹಾರದೆ ಹೇಳುತ್ತ ಬಂದೆ. ಹೆಸರು, ವಯಸ್ಸು, ಊರು. ಉದ್ಯೋಗ ಕೃಷಿ. ಅಲ್ಲೇ ದೊಡ್ಡ ಸರ್ ಕೈ ಎತ್ತಿದರು.

"ಕೃಷಿನಾ? ಮೂರು ವರ್ಷದಿಂದ ಮಳೆ ಇಲ್ಲ ಅಂತ ನಿಮ್ಮ ಕಡೆಯವರೇ ಅಳ್ತೀರಿ. ಏನು ಬೆಳೆದ್ರಂತೆ ಇವರು?"

ತೊಗರಿ ಎಂದೆ, ಬಹಳ ಸಣ್ಣ ದನಿಯಲ್ಲಿ. ನನ್ನ ಜೊತೆಯ ಇಂಟರ್ನ್ ಒಬ್ಬ ಕಿಸಕ್ಕೆಂದ. ಯಾವ ಹೊಲ, ಎಷ್ಟು, ಕೊನೆಯ ಸಲ ಬಿತ್ತಿದ್ದು ಯಾವಾಗ ಎಂದರು. ನನಗೆ ಗೊತ್ತಿರಲಿಲ್ಲ. ಆಗ ಬಂತು ಆ ಮಾತು, ಇದು ನಿಮ್ಮ ಕೈಲಿ ಆಗೋ ಕೆಲಸ ಅಲ್ಲ ಬಿಡಮ್ಮ. ಆಮೇಲೆ, ಹೋಗುವ ಮುಂಚೆ, ಶನಿವಾರದ ರೌಂಡ್ಸಿನಲ್ಲಿ ಇದೇ ಕೇಸು, ಅದೇ ಕೊನೆ ಎಂದು ಹೇಳಿ ಹೋದರು.

ಇವತ್ತು ಬರೆಯುವಾಗ ನ್ಯಾಯವಾಗಿ ಒಂದು ಮಾತು ಒಪ್ಪಬೇಕು. ಆ ಮನುಷ್ಯನ ಎದೆಯಲ್ಲಿ ಏನಿದೆ ಎಂದು ದೊಡ್ಡ ಸರ್‌ಗೂ ಅಂದು ಗೊತ್ತಿರಲಿಲ್ಲ. ಆದರೆ ನಾನು ಹೇಳಿದ ಕೇಸಿನಲ್ಲಿ ತೂತು ಎಲ್ಲಿದೆ ಎಂದು ಗೊತ್ತಿತ್ತು. ಇದೇ ಕಡೆಯವಳಾದ ನನಗೆ ಕಾಣದ್ದು ಘಟ್ಟದ ಕೆಳಗಿನಿಂದ ಬಂದ ಅವರಿಗೆ ಕಂಡಿತು. ಅದೇ ನನಗೆ ಚುಚ್ಚಿದ್ದು.

ಚುಚ್ಚಲು ಇನ್ನೊಂದು ಕಾರಣವಿತ್ತು. ನಮ್ಮ ಕಡೆ ಯಾರನ್ನೇ ಕೇಳಿ, ಏನು ಕೆಲಸ ಎಂದರೆ ಒಕ್ಕಲುತನ ಎನ್ನುತ್ತಾರೆ. ವರ್ಷದಲ್ಲಿ ಹನ್ನೊಂದು ತಿಂಗಳು ಪರಊರಲ್ಲಿ ಗಾರೆ ಹೊತ್ತರೂ ಒಕ್ಕಲುತನವೇ. ಊರಲ್ಲಿ ಒಂದು ತುಂಡು ಹೊಲ ಇದ್ದರೆ ಅದೇ ಮನುಷ್ಯನ ಹೆಸರು. ಮಾಡುವ ಕೆಲಸವನ್ನು ನಾಲಿಗೆಯ ಮೇಲೆ ತರುವುದಿಲ್ಲ. ಇದು ನನಗೆ ಗೊತ್ತಿರದ ಸಂಗತಿಯೇ? ಮೆಡಿಕಲ್ ಕಾಲೇಜಿಗೆ ಸೇರುವಾಗ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬಲ್ಲಿ ನಾನೇ ಕೈಯಾರೆ ಒಕ್ಕಲುತನ ಎಂದು ಬರೆದಿದ್ದೆ. ಅಪ್ಪ ನೇಗಿಲು ಹಿಡಿದು ಹತ್ತು ವರ್ಷವಾಗಿತ್ತು. ಆತ ಹೈದರಾಬಾದಿನಲ್ಲಿ ಖರೆ ಖರೆ ಏನು ಮಾಡುತ್ತಾನೆ ಎಂದು ನಾನು ಕೇಳಿರಲಿಲ್ಲ. ಬಿಲ್ಡಿಂಗ್ ಕೆಲಸ ಎಂಬಷ್ಟು ಗೊತ್ತಿತ್ತು, ಅಷ್ಟು ಸಾಕೆಂದು ಬಿಟ್ಟಿದ್ದೆ. ಹಾಸಿಗೆ ಹನ್ನೊಂದರ ಮನುಷ್ಯ ಒಕ್ಕಲುತನ ಅಂದಾಗ ಮುಂದೆ ಕೇಳದೆ ಬರೆದುಕೊಂಡದ್ದು ಅದೇ ಕಾರಣಕ್ಕೆ. ಆತನ ಮಾನ ಉಳಿಸಿದೆ ಎಂದುಕೊಂಡೆ. ಉಳಿಸಿದ್ದು ನನ್ನದು.

ಅವತ್ತು ಮಧ್ಯಾಹ್ನ ಡ್ಯೂಟಿ ಮುಗಿದ ಮೇಲೆ ಆತನ ಹಾಸಿಗೆಯ ಹತ್ತಿರ ಸ್ಟೂಲ್ ಎಳೆದುಕೊಂಡು ಕೂತೆ. ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿದ್ದರು. ಹೆಂಡತಿ ನೆಲದ ಮೇಲೆ ಕೂತು ಜೋಳದ ರೊಟ್ಟಿಯನ್ನು ಮುರಿದು ಹಾಲಿನಲ್ಲಿ ನೆನೆ ಹಾಕುತ್ತಿದ್ದಳು. ಮತ್ತೆ ಕೇಳಿದೆ, ಏನು ಕೆಲಸ ಮಾಡ್ತೀರಿ ಎಂದು.

"ಹೇಳಿನಲ್ರಿ ಡಾಕ್ಟರಬಾಯಿ. ಒಕ್ಕಲತನ."

ಆ ಪ್ರಶ್ನೆಗೆ ಅದಕ್ಕಿಂತ ಬೇರೆ ಉತ್ತರ ಇಲ್ಲ ಎಂದು ಆಗ ಹೊಳೆಯಿತು. ಪುಸ್ತಕದ ಪ್ರಶ್ನೆಯನ್ನು ಬಿಟ್ಟು, ನಮ್ಮ ಓಣಿಯ ಮುದುಕಿಯರು ಊರಿಗೆ ಬಂದವರನ್ನು ಕೇಳುವ ಹಾಗೆ, ಎತ್ತು ಸಿಂಗರಿಸುವ ಹಬ್ಬದ ಮಾತೆತ್ತಿ ಕೇಳಿದೆ.

"ಈ ಸಲ ಕಾರಹುಣ್ಣಿಮಿಗಿ ಊರಾಗ ಇದ್ರೇನ್ರಿ ಅಣ್ಣಾ?"

ಆತ ನನ್ನ ಮುಖ ನೋಡಿದ. ನನ್ನ ಮಾತಿನ ಧಾಟಿ ಆಗ ತಾನೆ ಕಿವಿಗೆ ಬಿತ್ತೇನೋ. "ಕಾರಹುಣ್ಣಿಮಿಗಿ ಎಲ್ಲಿ ಬಿಡ್ತಾರ್ರಿ. ಎಳ್ಳಾಮಾಸಿಗಿ ಒಂದ ಬರ್ತೀವಿ. ನಾಕ ದಿನ."

ಎಷ್ಟು ಎಳ್ಳಮಾವಾಸ್ಯೆ ಹೀಗೆ ಬಂದುಹೋದಿರಿ ಎಂದೆ. ಆತ ಎಣಿಸಲು ಹೋಗಿ ಕೆಮ್ಮಿದ. ಹೆಂಡತಿಯೇ ಹೇಳಿದಳು, ಸಣ್ಣ ಮಗ ಹೊಟ್ಟ್ಯಾಗ ಇದ್ದಾಗ ಮೊದಲನೇ ಸಲ ಹೋಗಿದ್ದು, ಅವನಿಗೆ ಈಗ ಎಂಟು ತುಂಬಿದವು. ಎಲ್ಲಿಗೆ ಎಂದೆ. ಆತ ಗೋಡೆಯ ಕಡೆ ಮುಖ ಮಾಡಿದ. ಆಕೆ ರೊಟ್ಟಿಯ ಬಟ್ಟಲು ಕೆಳಗಿಟ್ಟಳು.

"ಕಲ್ಲಿನ ಕ್ರಷರಿಗಿ ರೀ ಬಾಯಿ. ಹೈದರಾಬಾದ ದಾಟಿ. ನಾನೂ ಎರಡ ವರ್ಷ ಹೋಗಿದ್ದೆ, ಬುಟ್ಟಿ ಹೊರ್ಲಕ್ಕ. ಮಿಷಿನ್ ಚಾಲೂ ಆತಂದ್ರ ಮಗ್ಗಲದಾಗ ನಿಂತ ಮನಷ್ಯಾ ಕಾಣ್ತಿದ್ದಿಲ್ಲ. ಸಂಜಿಗಿ ಎಲ್ಲಾರ ಕಣ್ಣಿನ ರೆಪ್ಪಿನೂ ಬೆಳ್ಳಗ. ಒಬ್ರನ್ನೊಬ್ರು ನೋಡಿ ಮುದುಕ ಆದಿ ನೋಡು ಅಂತ ನಗ್ತಿದ್ದಿವಿ."

ಆಮೇಲೆ ನಾನು ಕೇಳದೆಯೇ ಇನ್ನೊಂದು ಹೇಳಿದಳು. ಅವರ ಓಣಿಯಿಂದ ಆರು ಮಂದಿ ಕೂಡಿ ಹೋಗಿದ್ದರು. ಇಬ್ಬರು ತೀರಿಕೊಂಡಿದ್ದಾರೆ. ಅವರಿಗೂ ಹೀಗೇ ಕೆಮ್ಮು, ಹೀಗೇ ದಮ್ಮು. ಅವರಿಗೂ ಟಿಬಿ ಎಂದೇ ಹೇಳಿದ್ದರು.

ಎರಡು ದಿನ ನಾನು ಹಾಸಿಗೆ ಹನ್ನೊಂದನ್ನು ಬಿಟ್ಟು ಏಳಲಿಲ್ಲ. ಆತನಿಗೆ ತಾರೀಖು, ತಿಂಗಳು ಗೊತ್ತಿರಲಿಲ್ಲ, ಹಬ್ಬ ಗೊತ್ತಿದ್ದವು. ಕೆಮ್ಮು ಹೋದ ವರ್ಷಕ್ಕಿಂತ ಹಿಂದಿನ ದಸರೆಯಿಂದ. ದಮ್ಮು ಅದರ ಮುಂದಿನ ಯುಗಾದಿಯಿಂದ. ಮೊದಲು ಕ್ರಷರಿನ ಏರು ಹತ್ತುವಾಗ, ಆಮೇಲೆ ಸಪಾಟು ನೆಲದಲ್ಲಿ ನಡೆಯುವಾಗ, ಈಗ ಪಾಯಖಾನೆಗೆ ಹೋಗಿ ಬಂದರೂ. ಮಲಗಿದರೆ ದಮ್ಮು ಹೆಚ್ಚಾಗುವುದಿಲ್ಲ, ಕಾಲು ಬಾತಿಲ್ಲ, ಅಂದರೆ ಹೃದಯದ ಕಡೆ ಬೆರಳು ತೋರಿಸುವುದು ಕಷ್ಟ. ಕಫದಲ್ಲಿ ರಕ್ತ ಬಂದಿಲ್ಲ. ಸಂಜೆಯ ಜ್ವರ, ರಾತ್ರಿಯ ಬೆವರು ಇಲ್ಲ. ತೂಕ ಇಳಿದಿದೆ. ಬೀಡಿ ದಿನಕ್ಕೆ ನಾಲ್ಕೈದು. ಟಿಬಿ ಔಷಧ ನುಂಗಿದಾಗ ಒಂದು ಸಲವೂ ಹಗುರ ಅನಿಸಿರಲಿಲ್ಲ. ಹೇಳಿದರೆ ಎಲ್ಲಿ ಔಷಧ ಬಿಡಿಸಿಬಿಡುತ್ತಾರೋ ಎಂದು ಹೇಳಿರಲಿಲ್ಲ. ಅದೇ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಎರಡೂ ಪುಪ್ಪುಸದ ಮೇಲ್ಭಾಗದ ತುಂಬ ನವಣೆಯ ಕಾಳು ಚೆಲ್ಲಿದ ಹಾಗೆ ಸಣ್ಣ ದುಂಡು ಗಂಟುಗಳು. ನಡುವಿನ ಗ್ರಂಥಿಗಳ ಸುತ್ತ ತತ್ತಿಯ ಸಿಪ್ಪೆಯಂಥ ಸುಣ್ಣದ ತೆಳು ಗೆರೆ. ಮಂಗಳವಾರವೂ ಇದನ್ನೇ ನೋಡಿದ್ದೆ. ಟಿಬಿ ಎಂದು ಹೇಳಿದ್ದರು, ಟಿಬಿ ಕಂಡಿತ್ತು.

ಶನಿವಾರ ಬೆಳಿಗ್ಗೆ ಯೂನಿಟ್ಟು ಪೂರ್ತಿ ನಿಂತಿತ್ತು. ಕೈಯಲ್ಲಿ ಕಾಗದ ಹಿಡಿಯಲಿಲ್ಲ.

ಮೂವತ್ತೆಂಟು ವರ್ಷದ ಗಂಡಸು, ಭಾಲ್ಕಿ ತಾಲೂಕು, ಎಂಟು ವರ್ಷ ಕಲ್ಲು ಕ್ರಷರಿನಲ್ಲಿ ಕೂಲಿ, ಎಂದು ಶುರು ಮಾಡಿದೆ. ದೊಡ್ಡ ಸರ್ ತಲೆ ಎತ್ತಿದರು, ಕೈ ಎತ್ತಲಿಲ್ಲ. ತೊಂದರೆಗಳು, ಅವುಗಳ ಕಾಲ, ಅವು ಏರಿದ ರೀತಿ, ಇಲ್ಲದ ಲಕ್ಷಣಗಳು. ಹಿಂದಿನ ಎರಡು ಚಿಕಿತ್ಸೆ, ಎರಡರಲ್ಲೂ ಕ್ರಿಮಿ ಸಿಗದ ಕಫ. ಮಿಷಿನ್ ಹತ್ತಿರ ದಿನಕ್ಕೆ ಎಷ್ಟು ತಾಸು, ಬಾಯಿಗೆ ಏನು ಕಟ್ಟಿಕೊಳ್ಳುತ್ತಿದ್ದರು, ಜೊತೆಗಿದ್ದವರಿಗೆ ಏನಾಯಿತು. ಅದಾದ ಮೇಲೆ ಮೈ: ಉಸಿರು ನಿಮಿಷಕ್ಕೆ ಇಪ್ಪತ್ತೆಂಟು, ನಳಿಕೆ ತೆಗೆದರೆ ರಕ್ತದ ಆಕ್ಸಿಜನ್ ನೂರಕ್ಕೆ ಎಂಬತ್ತೆಂಟು, ಬೆರಳ ತುದಿ ಊದಿಲ್ಲ, ಕೊರಳಲ್ಲಿ ಗಡ್ಡೆ ಇಲ್ಲ. ಎದೆಯ ಮೇಲ್ಭಾಗ ಎರಡೂ ಕಡೆ ಕಡಿಮೆ ಅಲುಗುತ್ತದೆ, ಉಸಿರಿನ ಸದ್ದು ಸಣ್ಣದು, ಅಲ್ಲಲ್ಲಿ ಚಿಟಪಿಟ. ಎರಡು ಸಾಲಿನ ಸಾರಾಂಶ ಹೇಳಿ ಒಂದು ಉಸಿರು ತಗೊಂಡೆ.

ನಿಮ್ಮ ಅನುಮಾನ ಏನು ಎಂದರು.

ಸಿಲಿಕೋಸಿಸ್ ಎಂದೆ. ಕಲ್ಲಿನ ಧೂಳು ಎದೆಯಲ್ಲಿ ಕೂತು ಪುಪ್ಪುಸ ಗಟ್ಟಿಯಾಗುವ ರೋಗ. ಬೇರೆ ಏನಿರಬಹುದು? ಸಿಲಿಕೋಸಿಸ್ ಜೊತೆಗೇ ಟಿಬಿ ಇರಬಹುದು. ಧೂಳು ಕೂತ ಎದೆಗೆ ಟಿಬಿ ಬೇಗ ಹತ್ತುತ್ತದೆ, ತೂಕ ಇಳಿದದ್ದು ಅದಕ್ಕೆ ಪರ. ಜ್ವರ ಇಲ್ಲದ್ದು, ಎರಡು ಚಿಕಿತ್ಸೆಗೂ ಜಗ್ಗದ್ದು ವಿರುದ್ಧ. ಬರೀ ಟಿಬಿ ತಿರುಗಿ ಬಂದಿರುವುದು ಅದಕ್ಕಿಂತ ಕಡಿಮೆ, ಎರಡೂ ಕಡೆ ಇಷ್ಟು ಸಮನಾಗಿ ದುಂಡು ಗಂಟು ಮಾಡುವುದು ಅದರ ಸ್ವಭಾವ ಅಲ್ಲ. ಸಾರ್ಕಾಯ್ಡ್ ಎಂಬ ಇನ್ನೊಂದು ರೋಗ ಎಕ್ಸ್‌ರೇಯಲ್ಲಿ ಹೀಗೇ ಕಾಣುತ್ತದೆ, ಆದರೆ ಎಂಟು ವರ್ಷದ ಕಲ್ಲು ಎದುರಿಗಿರುವಾಗ ಅದು ಕೊನೆಯ ಮಾತು. ಇನ್ನು ಮುಂದೆ ಮಾಡುವುದು: ಆಕ್ಸಿಜನ್, ಉಸಿರುನಾಳ ಬಿಚ್ಚುವ ಔಷಧ, ಎರಡು ಸಲ ಕಫ ಮತ್ತು ಕ್ಷಯದ ಜೀನ್ ಪರೀಕ್ಷೆ, ಎಚ್‌ಐವಿ, ಸಕ್ಕರೆ, ಎದೆಯ ಸಿಟಿ ಸ್ಕ್ಯಾನ್, ದಮ್ಮು ಇಳಿದ ಮೇಲೆ ಊದುವ ಪರೀಕ್ಷೆ. ಕ್ರಿಮಿ ಸಿಗುವ ತನಕ ಮೂರನೆಯ ಸಲ ಟಿಬಿ ಔಷಧ ಶುರು ಮಾಡಬಾರದು. ಧೂಳಿನಿಂದ ದೂರ. ಕೆಲಸದಿಂದ ಬಂದ ರೋಗ, ವರದಿ ಮಾಡಬೇಕು. ಆ ಓಣಿಯ ಉಳಿದ ಮೂವರನ್ನು ಕರೆಸಿ ಎಕ್ಸ್‌ರೇ ತೆಗೆಯಬೇಕು.

ವಾಸಿ ಆಗುತ್ತಾ ಎಂದರು ದೊಡ್ಡ ಸರ್, ಪರೀಕ್ಷೆಯಲ್ಲಿ ಕೇಳುವ ಹಾಗೆ.

"ಇಲ್ಲ ಸರ್. ಕೂತ ಧೂಳು ತೆಗೆಯುವ ಔಷಧ ಇಲ್ಲ."

ಅವರು ಲಾಗ್‌ಬುಕ್ ಕೊಡಿ ಎಂದರು. ಹಾಸಿಗೆ ಹನ್ನೊಂದರ ಸಣ್ಣ ಕಪಾಟಿನ ಮೇಲಿಟ್ಟುಕೊಂಡು ಸಹಿ ಹಾಕಿದರು. ಚೆನ್ನಾಗಿತ್ತು ಎಂದರು. ನನ್ನ ಜೊತೆಯವರು ಬೆನ್ನು ತಟ್ಟಿದರು. ಎದುರಿಗೆ ಆ ಮನುಷ್ಯ ನಳಿಕೆ ಹಾಕಿಕೊಂಡು ಕೂತು ನಮ್ಮೆಲ್ಲರ ಮುಖ ನೋಡುತ್ತಿದ್ದ. ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದ್ದೆ. ಸರ್ ಸಹಿ ಹಾಕಿದ್ದನ್ನು ಕಂಡು ಆತನೂ ನಕ್ಕ. ಒಳ್ಳೆಯ ಸುದ್ದಿಯೇ ಇರಬೇಕು ಎಂದುಕೊಂಡಿದ್ದ.

ಮುಂದಿನ ಬುಧವಾರದೊಳಗೆ ಎಲ್ಲ ಫಲಿತಾಂಶ ಬಂದವು. ಕಫ ಎರಡು ಸಲವೂ ಶುದ್ಧ, ಜೀನ್ ಪರೀಕ್ಷೆಯಲ್ಲೂ ಟಿಬಿ ಇಲ್ಲ, ಸಿಟಿ ನನ್ನ ಮಾತನ್ನೇ ಹೇಳಿತು. ದೊಡ್ಡ ಸರ್ ಆ ಎಕ್ಸ್‌ರೇಯ ಫೋಟೋ ತೆಗೆಸಿಕೊಂಡರು. ಮುಂದೊಂದು ದಿನ ಡಾಕ್ಟರರ ಸಭೆಯಲ್ಲಿ ಅದನ್ನು ತೋರಿಸಿದರಂತೆ, ಉದ್ಯೋಗದ ಬಗ್ಗೆ ಕೇಳುವುದು ಎಷ್ಟು ಮುಖ್ಯ ಎಂದು ಭಾಷಣ ಮಾಡಿದರಂತೆ. ಕೇಳಿದವಳು ಯಾರು ಎಂಬುದು ಆ ಭಾಷಣದಲ್ಲಿ ಇರಲಿಲ್ಲ. ಓಣಿಯ ಉಳಿದ ಮೂವರನ್ನು ಯಾರೂ ಕರೆಸಲಿಲ್ಲ. ವರದಿಯ ಕಾಗದ ನಾನು ಬರೆದು ಆಫೀಸಿಗೆ ಕೊಟ್ಟೆ, ಯಾವ ಟೇಬಲ್ಲಿನಲ್ಲಿ ಉಳಿಯಿತೋ.

ಆತನಿಗೆ ಕನ್ನಡದಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಟಿಬಿ ಅಲ್ಲ ಎಂದ ಕೂಡಲೇ ಆತನ ಮುಖ ಅರಳಿತು, ಹೆಂಡತಿ ಕೈ ಮುಗಿದಳು. ಟಿಬಿ ಎಂದು ಮನೆಯಲ್ಲಿ ತಟ್ಟೆ ಬೇರೆ ಇಟ್ಟಿದ್ದರಂತೆ. ಮುಂದಿನ ಮಾತನ್ನು ಹೇಳಲು ನನಗೆ ಬಹಳ ಹೊತ್ತು ಹಿಡಿಯಿತು. ಯಾವ ಕ್ರಮವೂ ನೆರವಿಗೆ ಬರಲಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ, ಧೂಳಿನ ಕೆಲಸ ಮಾಡಕೂಡದು ಎಂದು ದೊಡ್ಡ ಅಕ್ಷರದಲ್ಲಿ ಬರೆದು ಓದಿ ಹೇಳಿದೆ.

"ಧೂಳ ಇಲ್ಲದ್ದ ಕೆಲಸ ಯಾವುದ ಅದ, ನೀವೇ ಹೇಳ್ರಿ ಬಾಯಿ" ಎಂದ. ಕೆಣಕಿ ಅಂದದ್ದಲ್ಲ. ನಾನು ಓದಿದವಳು, ಗೊತ್ತಿದ್ದೀತು ಎಂದು ಕೇಳಿದ.

ಸರ್ಟಿಫಿಕೇಟಿಗೆ ಕಾಯುತ್ತ ನಾನಿನ್ನೂ ಆಸ್ಪತ್ರೆಯಲ್ಲೇ ಕೆಲಸ ಮಾಡಿಕೊಂಡಿದ್ದೆ. ಅದಾದ ಎಂಟೊಂಬತ್ತು ದಿನಕ್ಕೆ ಅದೇ ಹಳ್ಳಿಯ ಮುದುಕಿಯೊಬ್ಬಳು ಓಪಿಡಿಗೆ ಬಂದಿದ್ದಳು. ಆತ ಎಲ್ಲಿದ್ದಾನೆ ಎಂದು ಕೇಳಿದೆ. ಟಿಬಿ ಇಲ್ಲ ಅಂತ ಡಾಕ್ಟರು ಬರಕೊಟ್ಟಾರ ಅಂತ ಕೂಲಿ ಮಂದಿ ಒಯ್ಯುವ ಮುಕಾದಮನಿಗೆ ಚೀಟಿ ತೋರಿಸಿ ಮತ್ತ ಕ್ರಷರಿಗಿ ಹೋದ ಎಂದಳು. ನಾನು ಬರೆದ ಚೀಟಿ ಅದು.

ಆ ಸಂಜೆ ಅಪ್ಪನಿಗೆ ಫೋನ್ ಹಚ್ಚಿದೆ. ಬಿಲ್ಡಿಂಗಿನಲ್ಲಿ ನೀ ಖರೆ ಏನು ಮಾಡ್ತಿ ಎಂದು ಮೊದಲ ಸಲ ಕೇಳಿದೆ. ಆತ ಬಹಳ ಹೊತ್ತು ಆರಾಮ ಇದ್ದೀನಿ, ನೆರಳಾಗ ಕೆಲಸ ಎಂದೇ ಹೇಳಿದ. ನಾನು ಬಿಡಲಿಲ್ಲ. ಕಡೆಗೆ ಬಾಯಿ ಬಿಟ್ಟ. ನೆಲಕ್ಕೆ ಹಾಸುವ ಫರಸಿ, ಗ್ರಾನೈಟು ಮಿಷಿನ್ನಿನಿಂದ ಕೊರೆಯುವ ಕೆಲಸ. ಮೊದಲೆಲ್ಲ ನೀರು ಬಿಟ್ಟುಕೊಂಡು ಕೊರೆಯುತ್ತಿದ್ದರು, ಧೂಳು ಏಳುತ್ತಿರಲಿಲ್ಲ. ಈಗ ಟ್ಯಾಂಕರಿನ ನೀರು ಕುಡಿಯಲಿಕ್ಕೇ ಸಾಲದು, ಒಣಾ ಕೊರೆಯುತ್ತಾರೆ. ಟವೆಲ್ ಕಟ್ಟಿಕೋತೀನವ್ವಾ, ಏನಾಗಲ್ಲ ಎಂದ. ಕೆಮ್ಮು ಅದ ಏನು ಎಂದೆ. ಇಲ್ಲ ಎಂದ. ಇಷ್ಟು ಬೇಗ ಇಲ್ಲ ಎಂದವರನ್ನು ವಾರ್ಡಿನಲ್ಲಿ ನಾನು ನಂಬುತ್ತಿರಲಿಲ್ಲ.

ಸರ್ಟಿಫಿಕೇಟ್ ತಿಂಗಳ ಕೊನೆಗೆ ಎರಡು ದಿನ ಇರುವಾಗ ಬಂತು. ಔರಾದದಿಂದ ಅವ್ವ ಬಂದಿದ್ದಳು, ಇಳಕಲ್ ಸೀರೆ ಉಟ್ಟು, ಕಾಲೇಜಿನ ವರಾಂಡದ ಬೆಂಚಿನ ತುದಿಗೆ ಕೂತಿದ್ದಳು. ಅಪ್ಪ ಹಿಂದಿನ ದಿನವೇ ಊರಿಗೆ ಬಂದಿದ್ದ, ನಾನು ಬರುವುದನ್ನು ಮನೆಯಲ್ಲಿ ಕಾಯುತ್ತಿದ್ದ. ಗುಮಾಸ್ತರು ರಿಜಿಸ್ಟರಿನಲ್ಲಿ ಸಹಿ ಮಾಡಿಸಿಕೊಂಡು ದಪ್ಪ ಕಾಗದ ನನ್ನ ಕೈಗಿಟ್ಟರು. ನಮ್ಮ ಮನೆತನದಲ್ಲಿ ಅಂಥ ಕಾಗದ ಮುಟ್ಟಿದವಳು ನಾನೇ ಮೊದಲು. ಅದನ್ನು ಬರೆಯಲು ನನಗೆ ನಾಚಿಕೆ ಇಲ್ಲ, ಹೆಮ್ಮೆ ಇದೆ. ಯಾರ ಶಿಫಾರಸೂ ಇಲ್ಲದೆ, ಕೇಳಬೇಕಾದ್ದನ್ನು ಕೇಳಿ, ಹೇಳಬೇಕಾದ ಕ್ರಮದಲ್ಲಿ ಹೇಳಿ ಗಳಿಸಿದ್ದು.

ತಂದು ಅವ್ವನ ಕೈಯಲ್ಲಿಟ್ಟೆ. ಆಕೆ ಸೆರಗಿನಿಂದ ಕೈ ಒರೆಸಿಕೊಂಡು ಹಿಡಿದಳು. ಓದಲು ಬಾರದು, ಮೇಲಿನ ಮುದ್ರೆಯ ಸುತ್ತ ಬೆರಳು ಆಡಿಸಿದಳು. ಅವಳ ಪಕ್ಕ ಕೂತು ಎಲ್ಲ ಹೇಳಿದೆ, ಹಾಸಿಗೆ ಹನ್ನೊಂದರ ಮನುಷ್ಯನ ಮಾತು, ಆತ ತಿರುಗಿ ಕ್ರಷರಿಗೆ ಹೋದ ಮಾತು, ಒಣಾ ಕೊರೆದರೆ ಎದೆಗೆ ಏನಾಗುತ್ತದೆ ಎಂಬ ಮಾತು. ನಾಳೆಯೇ ಅಪ್ಪನನ್ನು ಇಲ್ಲಿಗೆ ಕರಕೊಂಡು ಬಂದು ಎದೆಯ ಎಕ್ಸ್‌ರೇ ತೆಗೆಸ್ತೀನಿ ಎಂದೆ. ಅವ್ವ ಕಾಗದ ಮಡಚಿಹೋಗದ ಹಾಗೆ ಎದೆಗೆ ಆನಿಸಿಕೊಂಡು ಎದ್ದಳು.

"ಮನಿಗಿ ಹೋದಕೂಡ್ಲೆ ಇದನ್ನ ಅವನ ಕೈಯಾಗ ಕೊಡು. ಆ ಕಲ್ಲಿನ ಮಾತ ಮಾತ್ರ ಎತ್ತಬ್ಯಾಡವ್ವಾ. ಯುಗಾದಿ ತನಕ ಕೆಲಸಕ್ಕ ಬರ್ತೀನಂತ ಮುಕಾದಮಗ ಮಾತ ಕೊಟ್ಟಾನ, ನಾಡಿದ್ದ ಹೋಗಬೇಕು."